ಅಂಗಳದ ಮರದಿಂದ ಸುತ್ತಲ ಕೋಣೆ ತಂಪಾಗಬೇಕು: ಯಾವ ಮರ, ಎಲ್ಲಿ ನೆಡೋದು?

ಕೇಳಿದವರು: "ನಾಲ್ಕೂ ಕಡೆ ಕೋಣೆ, ನಡುವೆ 20 ಅಡಿಗೆ 20 ಅಡಿ ಅಂಗಳ. ಗೋಡೆ 10 ಅಡಿ ಎತ್ತರ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡರ ಮೇಲೆ ಒಳಗೆ ಕೂರೋಕಾಗಲ್ಲ. ಯಾವ ಮರ, ಎಷ್ಟು, ಎಲ್ಲಿ ನೆಡಲಿ? ಪಶ್ಚಿಮದ ಗೋಡೆ ಪಕ್ಕ ನೆಡಿ ಅಂತ ಎಲ್ಲರೂ ಹೇಳ್ತಾರೆ."

ಹೊಂಗೆ ಬೆಳೆಸಿದವರು: ಯೋಚನೆನೇ ಬೇಡ, ಹೊಂಗೆ ನೆಡಿ. ನಾಲ್ಕು ಮೂಲೆಗೆ ನಾಲ್ಕು. ಹೊಂಗೆ ನೆರಳಿಗೆ ಸಾಟಿ ಇಲ್ಲ. ಮರ ಎಲೆಯಿಂದ ನೀರು ಬಿಡುತ್ತಲ್ವಾ, ಗಾಳಿ ತಂಪಾಗೋದು ಅದರಿಂದಲೇ. ಎಲೆ ಎಷ್ಟು ಜಾಸ್ತಿಯೋ ತಂಪು ಅಷ್ಟು ಜಾಸ್ತಿ.

ಮರಗಳ ಕೆಲಸ ಮಾಡುವವರು: ಹೊಂಗೆ ನೆರಳಿನ ಮಾತು ನಿಜ. ಆದರೆ ಈ ಅಂಗಳಕ್ಕೆ ನಾಲ್ಕು ಹೊಂಗೆ ಬೇಡ, ಒಂದೂ ಬೇಡ. ಬೆಳೆದ ಹೊಂಗೆ ಒಂದೇ ಇಡೀ ಅಂಗಳ ತುಂಬಿ ಮಾಡಿನ ಮೇಲೂ ಚಾಚುತ್ತದೆ. ಎಲೆ ಬಿಡುವ ನೀರಿನ ಬಗ್ಗೆ ಹೇಳಿದ್ದು ಅರ್ಧ ಸರಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.7 ಯೂನಿಟ್ ಕರೆಂಟಿನಷ್ಟು ಶಾಖ ಎಳೆದುಕೊಳ್ಳುತ್ತದೆ, ಅದು ಕಡಿಮೆ ಏನಲ್ಲ. ಆದರೆ ಹೆಚ್ಚಿನ ಎಲೆ ಇರೋದು ಮಾಡಿಗಿಂತ ಮೇಲೆ. ಆ ತಂಪನ್ನು ಬಹುಪಾಲು ಗಾಳಿ ಹೊತ್ತುಕೊಂಡು ಹೋಗುತ್ತದೆ. ಬುಡ ಒಣಗಿದ್ದರೆ ಮರ ಸುಡುಬಿಸಿಲಲ್ಲಿ ನೀರು ಬಿಡುವುದನ್ನೇ ಕಡಿಮೆ ಮಾಡುತ್ತದೆ, ಅದೂ ನಮಗೆ ಬೇಕಾದ ಹೊತ್ತಿಗೆ ಸರಿಯಾಗಿ. ಕೋಣೆಗೆ ನಿಜವಾಗಿ ಸಿಗುವ ಲಾಭ ಗೋಡೆ, ಕಿಟಕಿ, ನೆಲದ ಮೇಲೆ ಬಿಸಿಲು ಬೀಳದಂತೆ ತಡೆಯುವುದರಿಂದ.

ಈಗ ಪಶ್ಚಿಮದ ಮಾತು. ಅದು ಮನೆಯ ಹೊರಗೋಡೆಗೆ ಸರಿ. ಅಂಗಳದೊಳಗೆ ತಿರುಗುಮುರುಗು. ಮಧ್ಯಾಹ್ನದ ಮೇಲೆ ಸೂರ್ಯ ಪಶ್ಚಿಮಕ್ಕೆ ಇಳಿಯುತ್ತಾನೆ. ಅಂಗಳದ ಕಡೆಯಿಂದ ಬಿಸಿಲು ಹೊಡೆಯುವುದು ಪೂರ್ವ ದಿಕ್ಕಿನ ಕೋಣೆಗಳಿಗೆ, ಯಾಕಂದ್ರೆ ಅಂಗಳದತ್ತ ಇರುವ ಅವುಗಳ ಗೋಡೆ ಪಶ್ಚಿಮಕ್ಕೆ ಮುಖ ಮಾಡಿದೆ. ಪಶ್ಚಿಮದ ಕೋಣೆಗಳ ಅಂಗಳದ ಗೋಡೆ ಆ ಹೊತ್ತಿಗೆ ತಾನಾಗೇ ನೆರಳಲ್ಲಿರುತ್ತದೆ. ಅದರ ಪಕ್ಕ ಮರ ನೆಟ್ಟರೆ ನೆರಳಿಗೇ ನೆರಳು ಕೊಟ್ಟಂತೆ.

ನಿಮ್ಮ ಅಳತೆಯಲ್ಲೇ ಲೆಕ್ಕ ಹಾಕೋಣ. ಮರ ನಟ್ಟನಡುವೆ, ಪೂರ್ವದ ಗೋಡೆಯಿಂದ 10 ಅಡಿ ದೂರ ಅಂದುಕೊಳ್ಳಿ. ತಲೆಯ ನಡುಭಾಗ ನೆಲದಿಂದ 13 ಅಡಿ ಎತ್ತರ, ಅಗಲ ಸುಮಾರು 11 ಅಡಿ. ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದಾಗ ನೆರಳಿನ ನಡು ಗೋಡೆಗಿಂತ ಎರಡೂವರೆ ಅಡಿ ಈಚೆ ನೆಲದ ಮೇಲಿರುತ್ತದೆ. ಗೋಡೆ ಬುಡದ ನೆಲ ಬಿಸಿಯಾಗುವುದು ತಪ್ಪಿತು. 45 ಡಿಗ್ರಿಗೆ ಇಳಿದಾಗ ನೆರಳಿನ ನಡು ಗೋಡೆಯ ಮೇಲೆ 3 ಅಡಿ ಎತ್ತರದಲ್ಲಿ, ಅಂದ್ರೆ ಕಿಟಕಿಯ ಕೆಳಸಾಲಿಗೆ ಬರುತ್ತದೆ. 30 ಡಿಗ್ರಿಯಲ್ಲಿ 7 ಅಡಿಗೆ ಏರುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಪಶ್ಚಿಮದ ಮಾಡಿನ ನೆರಳೇ ಬಂದು ಪೂರ್ವದ ಗೋಡೆಯ ಬುಡ ಮುಟ್ಟುತ್ತದೆ, ಆಮೇಲಿನ ಕೆಲಸ ಅದು ನೋಡಿಕೊಳ್ಳುತ್ತದೆ. ಹೀಗಾಗಿ ಮರ ಕಾಯಬೇಕಾದ್ದು ಎರಡು ಎರಡೂವರೆ ಗಂಟೆ ಮಾತ್ರ. ಅದಕ್ಕೆ ಒಂದು ಮರ ಸಾಕು.

ಇದು ಸೂರ್ಯ ನೇರ ಪಶ್ಚಿಮದಲ್ಲಿದ್ದಾಗಿನ ಲೆಕ್ಕ. ನಿಜದಲ್ಲಿ ಆತ ಋತುವಿಗೆ ತಕ್ಕಂತೆ ಅತ್ತಿತ್ತ ಸರಿಯುತ್ತಾನೆ. ಅದಕ್ಕೇ ಗುಂಡಿ ತೋಡುವ ಮೊದಲು ಒಂದು ಕೆಲಸ ಮಾಡಿ. ಬೇಸಿಗೆಯಲ್ಲೇ ಒಂದು ದಿನ 13 ಅಡಿಯ ಬಿದಿರಿನ ತುದಿಗೆ ಅಗಲದ ಬುಟ್ಟಿ ಕಟ್ಟಿ, ನೆಡಬೇಕೆಂದಿರುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ಎರಡು, ಮೂರು, ನಾಲ್ಕು ಗಂಟೆಗೆ ಬುಟ್ಟಿಯ ನೆರಳು ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೂರರ ಗುರುತು ನಿಮ್ಮನ್ನು ಕಾಡುವ ಕಿಟಕಿಯ ಮೇಲೆ ಬಾರದಿದ್ದರೆ ಬಿದಿರನ್ನು ಸರಿಸಿ ಮರುದಿನ ಮತ್ತೆ ನೋಡಿ.

ಎರಡು ಮರ ನೆಟ್ಟು ಕಲಿತವರು: ಮೇಲಿನವರು ಒಂದೇ ಸಾಕು ಅಂದದ್ದಕ್ಕೆ ನನ್ನ ಅನುಭವ ಸೇರಿಸ್ತೀನಿ. ನಮ್ಮ ಅಂಗಳವೂ ಇಷ್ಟೇ. ಆಸೆಪಟ್ಟು ಎರಡು ಮರ ನೆಟ್ಟೆ, ದಟ್ಟ ಎಲೆಯವು. ಏಳು ವರ್ಷಕ್ಕೆ ಎರಡರ ತಲೆ ಕೂಡಿಕೊಂಡು ಮುಚ್ಚಳ ಮುಚ್ಚಿದ ಹಾಗಾಯಿತು. ಹಗಲು ಚೆನ್ನಾಗಿತ್ತು. ರಾತ್ರಿ ಕೋಣೆಯಲ್ಲಿ ಬೆವರು ಆರುತ್ತಿರಲಿಲ್ಲ. ಅಂಗಳ ಹಗಲು ಕಾದ ಶಾಖವನ್ನು ರಾತ್ರಿ ತೆರೆದ ಆಕಾಶಕ್ಕೆ ಬಿಡಬೇಕು, ಎಲೆ ಅದನ್ನು ತಡೆದು ವಾಪಸ್ ಕೊಡುತ್ತದೆ ಅಂತ ಆಮೇಲೆ ತಿಳಿಯಿತು. ಪರೀಕ್ಷೆ ಸುಲಭ. ರಾತ್ರಿ ಹತ್ತಕ್ಕೆ ಅಂಗಳದಲ್ಲೊಂದು, ಮನೆ ಹೊರಗೆ ಬಯಲಲ್ಲೊಂದು ಥರ್ಮಾಮೀಟರ್ ನೇತುಹಾಕಿ. ನಮ್ಮಲ್ಲಿ ಅಂಗಳವೇ ಬಿಸಿ ಇತ್ತು. ಒಂದು ಮರ ತೆಗೆಸಿದೆ, ನೋವಾಯಿತು. ಇನ್ನೊಂದರ ಕೆಳಗೊಂಬೆಗಳನ್ನು 8 ಅಡಿಯವರೆಗೆ ತೆಗೆದೆವು, ಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ. ಒಂದೇ ಸಲ ಕಡಿದರೆ ಮರ ಸೊರಗುತ್ತದೆ. ಈಗ ಕಾಂಡದ ಪಕ್ಕದಲ್ಲಿ ಗಾಳಿ ಆಡುತ್ತದೆ, ರಾತ್ರಿ ನಕ್ಷತ್ರ ಕಾಣುತ್ತದೆ.

ಮರಗಳ ಕೆಲಸ ಮಾಡುವವರು: ಹೌದು, ನಾನು 11 ಅಡಿ ಅಗಲ ಅಂದದ್ದೂ ಅದಕ್ಕೇ. 400 ಚದರಡಿಯಲ್ಲಿ ಅದು ಮುಚ್ಚುವುದು ಕಾಲು ಭಾಗ ಮಾತ್ರ. ಸವರುವಾಗ ವರ್ಷಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯಬೇಡಿ.

ಮೇಲಿನ ಮಹಡಿಯಲ್ಲಿ ಇರುವವರು: ನಮ್ಮ ಅಂಗಳದಲ್ಲಿ ಒಳ್ಳೆ ಮರ ಇದೆ, ಆದರೂ ಕೋಣೆ ಒಲೆ ಥರ. ಮರದಿಂದ ಏನೂ ಆಗಲ್ಲ, ಸುಮ್ನೆ ಖರ್ಚು.

ಎರಡು ಮರ ನೆಟ್ಟು ಕಲಿತವರು: ಸಂಜೆ ಏಳಕ್ಕೆ ಮೊದಲು ಗೋಡೆ ಮುಟ್ಟಿ, ಆಮೇಲೆ ಸ್ಟೂಲ್ ಹತ್ತಿ ಸೀಲಿಂಗ್ ಮುಟ್ಟಿ ನೋಡಿ. ಸೀಲಿಂಗ್ ಜಾಸ್ತಿ ಬಿಸಿ ಇದ್ದರೆ ಶಾಖ ಬರುತ್ತಿರೋದು ತಾರಸಿಯಿಂದ. ಅಂಗಳದ ಮರ ಅದಕ್ಕೆ ಏನೂ ಮಾಡಲಾರದು.

ಕಕ್ಕೆ ನೆಟ್ಟವರು: ಯಾವ ಮರ ಅನ್ನೋದಕ್ಕೆ ಒಂದು ಮಾತು. ಎಲೆ ಯಾವಾಗ ಉದುರುತ್ತದೆ ಅಂತ ಮೊದಲು ಕೇಳಿ. ಹೂವಿನ ಆಸೆಗೆ ಕಕ್ಕೆ ನೆಟ್ಟೆ. ಬಿಸಿಲೇರುವ ಹೊತ್ತಿಗೆ ಎಲೆ ಉದುರಿಸಿ ಬೋಳಾಗುತ್ತದೆ, ಆಮೇಲೆ ಮೈತುಂಬ ಹಳದಿ ಹೂ. ಕಣ್ಣಿಗೆ ಹಬ್ಬ. ಕಿಟಕಿಗೆ ಮಾತ್ರ ಬೇಕಾದ ಹೊತ್ತಲ್ಲಿ ದಟ್ಟ ನೆರಳಿಲ್ಲ.

ಮರಗಳ ಕೆಲಸ ಮಾಡುವವರು: ನನ್ನ ಆಯ್ಕೆ ನೆಲ್ಲಿ. ಸಣ್ಣ ಎಲೆ, ಹಗುರವಾದ ತಲೆ, ಗಾಳಿಯನ್ನು ಅಡ್ಡಗಟ್ಟುವುದಿಲ್ಲ. ಅದೂ ಸ್ವಲ್ಪ ಕಾಲ ಎಲೆ ಉದುರಿಸುತ್ತದೆ, ನಿಮ್ಮಲ್ಲಿ ಅದು ಯಾವಾಗ ಅಂತ ಬೆಳೆದ ಮರವೊಂದನ್ನು ನೋಡಿ ತಿಳಿದುಕೊಳ್ಳಿ. ಹಾಗೇ ಬಿಟ್ಟರೆ ದೊಡ್ಡದಾಗುತ್ತದೆ, ಚಿಕ್ಕಂದಿನಿಂದಲೇ ಸವರಬೇಕು. ಆಲ, ಅರಳಿ, ಅತ್ತಿ ಜಾತಿ ಮಾತ್ರ ಬೇಡವೇ ಬೇಡ. ಸೋರುವ ಚರಂಡಿ ಪೈಪಿನ ಜಾಯಿಂಟ್ ಸಿಕ್ಕರೆ ಬೇರು ಅಲ್ಲೇ ನುಗ್ಗುತ್ತದೆ. ಬುಡದ ಸುತ್ತ ಕನಿಷ್ಠ 6 ಅಡಿ ಅಗಲ ಮಣ್ಣು ಬಿಡಿ, ಸಿಮೆಂಟ್ ಹಾಕಬೇಡಿ.

ಹೊಂಗೆ ಬೆಳೆಸಿದವರು: ನೆಲ್ಲಿಯ ನೆರಳು ತೆಳು, ಜರಡಿ ಹಿಡಿದ ಹಾಗೆ. ಸುಡುಬಿಸಿಲಿಗೆ ಅದು ಸಾಲದು ಅಂತ ನನಗೆ ಈಗಲೂ ಅನಿಸುತ್ತದೆ.

ಮರಗಳ ಕೆಲಸ ಮಾಡುವವರು: ತೆಳು ಹೌದು. ಗೋಡೆಗೆ ಸಾಕು, ದೊಡ್ಡ ಗಾಜಿನ ಕಿಟಕಿಗೆ ಸಾಲದೇ ಹೋಗಬಹುದು.

ಕೇಳಿದವರು: ನಿನ್ನೆ ಬಿದಿರು ನಿಲ್ಲಿಸಿದೆ. ನಡುವಲ್ಲಿ ಇಟ್ಟಾಗ ಮೂರರ ನೆರಳು ಕಿಟಕಿ ತಪ್ಪಿಸಿ ಬಾಗಿಲ ಮೇಲೆ ಬಿತ್ತು. ಇವತ್ತು ಮೂರಡಿ ಪಕ್ಕಕ್ಕೆ ಸರಿಸಿದ ಮೇಲೆ ಕಿಟಕಿಗೆ ಸರಿಯಾಗಿ ಬಂತು. ನಮ್ಮದು ಗಾಜಿನದೇ, ಐದಡಿ ಅಗಲ. ಹಾಗಾಗಿ ನೆಲ್ಲಿಯೋ, ಇನ್ನೂ ಸ್ವಲ್ಪ ದಟ್ಟವಾದ ಮರವೋ ಅಂತ ತೀರ್ಮಾನ ಆಗಿಲ್ಲ. ಸಣ್ಣ ತಲೆಯ, ಬೇಸಿಗೆಯಲ್ಲಿ ಎಲೆ ಉದುರಿಸದ ಮರ ಬೆಳೆಸಿದವರು ಇದ್ದರೆ ಹೇಳಿ, ಗುಂಡಿ ತೋಡೋದು ಅಲ್ಲಿವರೆಗೆ ನಿಲ್ಲಿಸಿದ್ದೀನಿ.