ಪದಚರ್ಚೆ: ಕಾದಾಟದ ಆಟಗಳ ‘ಸ್ಟಾರ್ಟಪ್, ಆಕ್ಟಿವ್, ರಿಕವರಿ’ಗೆ ಕನ್ನಡ ಪದ

ಕೇಳಿದವರು: ದಾವಣಗೆರೆಯ ಕರಡು ತಿದ್ದುವವಳು

ನನ್ನ ತಂಗಿಯ ಮಗ ಭಾನುವಾರಗಳಂದು ಗೆಳೆಯರೊಡನೆ ಸ್ಟ್ರೀಟ್ ಫೈಟರ್ ಆಡುತ್ತಾನೆ. ಹೊಸಬರಿಗಾಗಿ ಎರಡು ಪುಟದ ಕನ್ನಡ ಟಿಪ್ಪಣಿ ಬರೆದು ನನಗೆ ತಿದ್ದಲು ಕೊಟ್ಟ. ಅದರಲ್ಲೊಂದು ಸಾಲು: “ಈ ಒದೆತಕ್ಕೆ ಸ್ಟಾರ್ಟಪ್ 8, ಆಕ್ಟಿವ್ 3, ರಿಕವರಿ 15 ಫ್ರೇಮ್.” ನಾನು ‘ಆರಂಭ, ಸಕ್ರಿಯ, ಚೇತರಿಕೆ’ ಎಂದು ತಿದ್ದಿದೆ. “ಚೇತರಿಕೆ ಅಂದರೆ ಜ್ವರ ಬಿಟ್ಟವನ ಮಾತಾಯಿತಲ್ಲ ದೊಡ್ಡಮ್ಮ” ಎಂದು ನಕ್ಕ. ಈ ಮೂರು ಅಂಕಿಗಳೇ ಯಾವ ಪಾತ್ರ ಯಾವ ಪಾತ್ರಕ್ಕೆ ಭಾರ ಎಂಬುದನ್ನು ತೀರ್ಮಾನಿಸುತ್ತವೆ ಎಂದೂ ಹೇಳುತ್ತಾನೆ. ಹೇಗೆ?

ದಾವಣಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವರು

ಮೇಡಂ, ಫ್ರೇಮ್ ಎಂದರೆ ತೆರೆ ಸೆಕೆಂಡಿಗೆ ತೋರಿಸುವ ಚಿತ್ರಗಳ ಲೆಕ್ಕ. ನನ್ನ ಮಗನಿಗೆ 144 ಹರ್ಟ್ಸ್ ಮಾನಿಟರ್ ಹಾಕಿಕೊಟ್ಟ ಮೇಲೆ ಆಟ ನಯವಾಯಿತು. ನಿಮ್ಮ ಹುಡುಗನಿಗೂ ಅದನ್ನೇ ಕೊಡಿಸಿ.

ಚಿತ್ರದುರ್ಗದಿಂದ, ಬಹುಕಾಲದ ಆಟಗಾರ

ಮಾನಿಟರ್ ಬದಲಿಸಿದರೆ ಈ ಅಂಕಿಗಳು ಬದಲಾಗುವುದಿಲ್ಲ ಸರ್. ಈ ಆಟ ತನ್ನೊಳಗೇ ಸೆಕೆಂಡನ್ನು 60 ತುಣುಕು ಮಾಡಿ ಎಣಿಸುತ್ತದೆ. ಇಲ್ಲಿ ಫ್ರೇಮ್ ಎಂದರೆ ಆ ಒಂದು ತುಣುಕು. ಆದ್ದರಿಂದ ‘ಚೌಕಟ್ಟು’ ಎಂದೂ ತಿದ್ದಬೇಡಿ ಮೇಡಂ.

ಗುಂಡಿ ಒತ್ತಿದೊಡನೆ ಕಾಲು ಎತ್ತಲು ತೊಡಗುತ್ತದೆ, ಇನ್ನೂ ಯಾರಿಗೂ ತಾಕದು, ಅದು ಸ್ಟಾರ್ಟಪ್. ತಾಕಬಲ್ಲ ಹೊತ್ತು ಆಕ್ಟಿವ್. ಕಾಲನ್ನು ಹಿಂದಕ್ಕೆಳೆದುಕೊಂಡು ಮತ್ತೆ ನಿಲ್ಲುವವರೆಗಿನದು ರಿಕವರಿ. ಆಗ ಹೊಡೆಯಲೂ ಆಗದು, ತಡೆಯಲೂ ಆಗದು. ‘ಸ್ಟಾರ್ಟಪ್ 8’ ಎಂದರೆ ಎಂಟನೆಯ ಫ್ರೇಮಿನಲ್ಲೇ ತಾಕುತ್ತದೆ. ಖಾಲಿ ಹೋಗುವುದು ಏಳೇ. ಕೆಲವು ಪಟ್ಟಿಗಳು ಇದನ್ನೇ 7 ಎಂದು ಬರೆಯುತ್ತವೆ. ಎರಡು ಪಟ್ಟಿಗಳನ್ನು ಬೆರೆಸಿ ಲೆಕ್ಕ ಹಾಕಿ ಒಂದು ಫ್ರೇಮ್ ತಪ್ಪುವವರು ಬಹಳ.

ಹರಿಹರದವರು, ಗರಡಿಯಲ್ಲಿ ಪಳಗಿದವರು

ಸ್ಟಾರ್ಟಪ್‌ಗೆ ‘ಹವಣಿಕೆ’ ಎನ್ನಿ. ಪೈಲ್ವಾನ ಪಟ್ಟು ಹಾಕುವ ಮುನ್ನ ಹವಣಿಸುತ್ತಾನೆ. ಯಾರ ಹವಣಿಕೆ ಚಿಕ್ಕದೋ ಅವನೇ ಗೆಲ್ಲುತ್ತಾನೆ. ಇದರಲ್ಲಿ ಬೇರೆ ಗುಟ್ಟೇನಿದೆ?

ಚಿತ್ರದುರ್ಗದಿಂದ ಮತ್ತೆ

ಹವಣಿಕೆ ಎಂಬ ಮಾತು ಒಪ್ಪಿದೆ. ಇಬ್ಬರೂ ಒಟ್ಟಿಗೆ ಬಿಡುವಾದಾಗ ನೀವು ಹೇಳಿದ್ದು ನಿಜ. ಆದರೆ ಹೆಚ್ಚು ಹೊತ್ತು ಇಬ್ಬರಲ್ಲಿ ಒಬ್ಬ ಸಿಕ್ಕಿಕೊಂಡೇ ಇರುತ್ತಾನೆ.

ಮೇಡಂ ಕೊಟ್ಟ ಒದೆತವನ್ನೇ ನೋಡೋಣ. ಎದುರಾಳಿ ಅದನ್ನು ತಡೆದ. ತಡೆದವನು 12 ಫ್ರೇಮ್ ಮರಗಟ್ಟುತ್ತಾನೆ ಎಂದಿಟ್ಟುಕೊಳ್ಳಿ. ಮೊದಲ ಆಕ್ಟಿವ್ ಫ್ರೇಮಿನಲ್ಲೇ ತಾಕಿದ್ದರೆ ಒದ್ದವನಿಗೆ ಇನ್ನೂ 2 ಆಕ್ಟಿವ್, 15 ರಿಕವರಿ, ಒಟ್ಟು 17 ಉಳಿದಿವೆ. ತಡೆದವನು 5 ಫ್ರೇಮ್ ಮೊದಲೇ ಬಿಡುಗಡೆಯಾದ. ಆಟಗಾರರು ಇದನ್ನು ‘ಮೈನಸ್ ಐದು’ ಎನ್ನುತ್ತಾರೆ.

ಈಗ ಮೂವರನ್ನು ಎದುರು ನಿಲ್ಲಿಸಿ. ಮೊದಲನೆಯವನ ಗುದ್ದು 4 ಫ್ರೇಮಿನದು, ತೋಳು ಗಿಡ್ಡ. ಕಾಲ್ತುದಿಯಲ್ಲಿ ಒದ್ದರೆ ಆ ಗುದ್ದು ಗಾಳಿಗೆ ಹೋಗುತ್ತದೆ. ಎರಡನೆಯವನ ಕಾಲು ಉದ್ದ, ಹವಣಿಕೆ 7. ಅದು ತಾಕುವಷ್ಟರಲ್ಲಿ ಒದ್ದವನು ಕೈ ಅಡ್ಡ ಹಿಡಿದಿರುತ್ತಾನೆ. ಮೂರನೆಯವನ ಉದ್ದ ತೋಳಿನ ಗುದ್ದಿಗೆ 5 ಫ್ರೇಮ್ ಸಾಕು. ಅವನು ಪ್ರತಿ ಸಲವೂ ದಂಡ ಕಟ್ಟಿಸುತ್ತಾನೆ. ಮೊದಲಿಬ್ಬರ ಮೇಲೆ ಅನ್ನ ಕೊಡುವ ಒದೆತ ಮೂರನೆಯವನ ಮುಂದೆ ಕೆಲಸಕ್ಕೆ ಬಾರದು. ಅದನ್ನೇ ನೆಚ್ಚಿದ ಪಾತ್ರಕ್ಕೆ ಆ ಜೋಡಿ ಭಾರವಾಗುವುದು ಹೀಗೆ. ಸ್ಟ್ರೀಟ್ ಫೈಟರ್ 5ರಲ್ಲಿ ಕೆಲವು ಪಾತ್ರಗಳಿಗೆ 3 ಫ್ರೇಮಿನ ಗುದ್ದಿತ್ತು, ಕೆಲವಕ್ಕೆ ಇರಲಿಲ್ಲ. ಮೈನಸ್ ಮೂರರ ಹೊಡೆತ ಒಬ್ಬನೆದುರು ಅಪಾಯ, ಇನ್ನೊಬ್ಬನೆದುರು ನಿರಾತಂಕ.

ಇನ್ನೊಂದು ಸೂಕ್ಷ್ಮವಿದೆ. ಅದೇ ಒದೆತ ಕೊನೆಯ ಆಕ್ಟಿವ್ ಫ್ರೇಮಿನಲ್ಲಿ ತಾಕಿದರೆ ಉಳಿಯುವುದು 15 ಮಾತ್ರ. ಮೈನಸ್ ಐದು ಮೈನಸ್ ಮೂರಾಗುತ್ತದೆ. ಮೂರನೆಯವನೂ ಆಗ ಸುಮ್ಮನಿರಬೇಕು. “ಪಟ್ಟಿಯಲ್ಲಿ ಐದಿದೆ, ಆದರೂ ನನ್ನ ಗುದ್ದನ್ನು ತಡೆದನಲ್ಲ” ಎಂದು ಹುಡುಗರು ದೂರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸ್ಟ್ರೀಟ್ ಫೈಟರ್ 6ರ ಅಭ್ಯಾಸದ ಕೋಣೆಯಲ್ಲಿ ಫ್ರೇಮ್ ಮೀಟರ್ ಹಾಕಿಕೊಂಡರೆ ಎಷ್ಟನೆಯ ಫ್ರೇಮಿನಲ್ಲಿ ತಾಕಿತೆಂದು ಬಣ್ಣಗಳಲ್ಲೇ ಕಾಣುತ್ತದೆ.

ಚಳ್ಳಕೆರೆಯ ನಿವೃತ್ತ ಕನ್ನಡ ಮೇಷ್ಟ್ರು

ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಒಬ್ಬಳ ಒನಕೆ ಮೇಲೇಳುವ ಹೊತ್ತೇ ಇನ್ನೊಬ್ಬಳ ಒನಕೆ ಬೀಳುವ ಹೊತ್ತು. ರಿಕವರಿ ಎಂದರೆ ಆ ಮೇಲೇಳುವ ಹೊತ್ತೆಂದು ತಿಳಿದೆ. ‘ಸಾವರಿಕೆ’ ಎಂದರೆ ಹೇಗೆ? ಆಕ್ಟಿವ್‌ಗೆ ‘ಸಕ್ರಿಯ’ ಬೇಡ, ಮೂರು ಹೊತ್ತಿನಲ್ಲೂ ಮೈ ಆಡುತ್ತಲೇ ಇರುತ್ತದೆ. ‘ತಾಕುವ ಹೊತ್ತು’ ಸಾಕು.

ಕೇಳಿದವರು

ಹವಣಿಕೆ, ತಾಕುವ ಹೊತ್ತು ಎರಡನ್ನೂ ಬರೆದುಕೊಂಡೆ. ‘ಫ್ರೇಮ್’ ಹಾಗೆಯೇ ಇರಲಿ. ಸಾವರಿಕೆಗೆ ಮಾತ್ರ ಹುಡುಗ ತಕರಾರು ತೆಗೆದಿದ್ದಾನೆ: ಏಟು ತಿಂದವನೂ ಸಾವರಿಸಿಕೊಳ್ಳುತ್ತಾನೆ, ಅದಕ್ಕೆ ಆಟದಲ್ಲಿ ಬೇರೆಯೇ ಲೆಕ್ಕವಿದೆ, ಎರಡೂ ಕಲಸಿಹೋಗುತ್ತವೆ ಎಂದು. ‘ಹಿಂತೆಗೆತ’ ಎಂದೆ. ಕಾಲಿಗೆ ಒಗ್ಗುತ್ತದೆ, ಬೆಂಕಿಯುಂಡೆ ಎಸೆದವನು ಏನನ್ನು ಹಿಂತೆಗೆಯುತ್ತಾನೆ ಎಂದು ಕೇಳುತ್ತಾನೆ. ಮೇಷ್ಟ್ರೇ, ಬೇರೆ ಮಾತಿದ್ದರೆ ತಿಳಿಸಿ. ಟಿಪ್ಪಣಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.