ಬ್ರ್ಯಾಂಡ್ ಬದಲಾವಣೆ ಲೆಕ್ಕ: ಸ್ಟೆಡಿ ಸ್ಟೇಟ್ ಎಲ್ಲದಕ್ಕೂ 1/3 ಯಾಕೆ ಬರುತ್ತಿದೆ?

ಪ್ರಶ್ನೆ (ಎಂ.ಬಿ.ಎ ವಿದ್ಯಾರ್ಥಿನಿ, ಹಾಸನ):
ಮೂರು ಚಹಾ ಪುಡಿ ಬ್ರ್ಯಾಂಡ್‌ಗಳ ಲೆಕ್ಕ ಇದು. ಈ ತಿಂಗಳು ಎ ಕೊಂಡವರಲ್ಲಿ ಮುಂದಿನ ತಿಂಗಳು 80% ಜನ ಎ ಬ್ರ್ಯಾಂಡನ್ನೇ ಕೊಳ್ಳುತ್ತಾರೆ, 10% ಬಿ ಕಡೆಗೆ, 10% ಸಿ ಕಡೆಗೆ ಹೋಗುತ್ತಾರೆ. ಪೂರ್ತಿ ಮ್ಯಾಟ್ರಿಕ್ಸ್ ಹೀಗಿದೆ:

```
      A    B    C
A    0.8  0.1  0.1
B    0.2  0.7  0.1
C    0.3  0.1  0.6
```

ಈಗಿನ ಪಾಲು 40, 30, 30. ಸ್ಟೆಡಿ ಸ್ಟೇಟ್, ಅಂದರೆ ಕೊನೆಗೆ ಬದಲಾಗದೆ ನಿಲ್ಲುವ ಪಾಲು, ಕಂಡುಹಿಡಿಯಬೇಕು. ನಾನು ಲೆಕ್ಕ ಮಾಡಿದರೆ ಮೂರಕ್ಕೂ 1/3 ಬರುತ್ತಿದೆ. ಉತ್ತರದಲ್ಲಿ 0.55, 0.25, 0.20 ಅಂತಿದೆ. ಎಲ್ಲಿ ತಪ್ಪಿದೆ? ಮತ್ತೆ 40, 30, 30 ಎಲ್ಲೂ ಬಳಕೆಯೇ ಆಗಲಿಲ್ಲವಲ್ಲ, ಅದನ್ನು ಯಾಕೆ ಕೊಟ್ಟಿದ್ದಾರೆ?

ಮಾರುಕಟ್ಟೆ ಸಮೀಕ್ಷೆ ವಿಶ್ಲೇಷಕರು, ಬೆಂಗಳೂರು:
1/3 ಬಂತು ಅಂದ ಕೂಡಲೇ ತಪ್ಪು ಎಲ್ಲಿದೆ ಅಂತ ಹೇಳಬಹುದು. ನೀವು ಸಮೀಕರಣ ಬರೆಯುವಾಗ ಅಡ್ಡಸಾಲು ಹಿಡಿದಿದ್ದೀರಿ. ಅಂದರೆ `a = 0.8a + 0.1b + 0.1c` ಅಂತ ಬರೆದಿರಬೇಕು. ಪ್ರತಿ ಅಡ್ಡಸಾಲಿನ ಮೊತ್ತ 1. ಹಾಗಾಗಿ a, b, c ಮೂರೂ ಸಮ ಅಂತ ಇಟ್ಟರೆ ಆ ಸಮೀಕರಣಗಳು ತಾವಾಗಿಯೇ ಸರಿಹೋಗುತ್ತವೆ. ಒಳಗಿನ ಅಂಕಿಗಳನ್ನು ಬದಲಿಸಿ ನೋಡಿ, ಆಗಲೂ 1/3 ಬರುತ್ತದೆ. ನಾಲ್ಕು ಬ್ರ್ಯಾಂಡ್ ಇದ್ದಿದ್ದರೆ 1/4 ಬರುತ್ತಿತ್ತು. ಆ ಉತ್ತರಕ್ಕೂ ಮಾರುಕಟ್ಟೆಗೂ ಸಂಬಂಧವೇ ಇಲ್ಲ.

ಅಡ್ಡಸಾಲು ಹೇಳುವುದು ಎ ಬಿಟ್ಟವರು ಎಲ್ಲಿಗೆ ಹೋದರು ಅಂತ. ನಮಗೆ ಬೇಕಿರುವುದು ಮುಂದಿನ ತಿಂಗಳು ಎ ಬಳಿ ಯಾರ್ಯಾರು ಬಂದು ಸೇರುತ್ತಾರೆ ಅನ್ನುವುದು. ಅದು ಕಂಬಸಾಲಿನಲ್ಲಿ ಇರುತ್ತದೆ. ಮೇಲಿನಿಂದ ಕೆಳಕ್ಕೆ ಓದಿ:

```
a = 0.8a + 0.2b + 0.3c
b = 0.1a + 0.7b + 0.1c
c = 0.1a + 0.1b + 0.6c
a + b + c = 1
```

ಮೊದಲ ಮೂರರಲ್ಲಿ ಒಂದು ಹೆಚ್ಚುವರಿ, ಯಾವುದನ್ನಾದರೂ ಬಿಡಬಹುದು. ಕೊನೆಯದನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಮೂರೂ ಸೊನ್ನೆ ಅನ್ನುವುದೂ ಒಂದು ಉತ್ತರವಾಗಿಬಿಡುತ್ತದೆ.

ನಿಮ್ಮ ಲೆಕ್ಕದಲ್ಲಿ ಒಂದು ಸುಲಭದ ದಾರಿಯೂ ಇದೆ. ಸಿ ಕಂಬಸಾಲು ನೋಡಿ. ಎ ಕಡೆಯಿಂದಲೂ 0.1, ಬಿ ಕಡೆಯಿಂದಲೂ 0.1 ಬರುತ್ತಿದೆ. ಅಂದರೆ ಸಿ ಕೊಳ್ಳದವರಲ್ಲಿ ಹತ್ತಕ್ಕೆ ಒಬ್ಬರು ಸಿ ಕಡೆಗೆ ಬರುತ್ತಾರೆ, ಸಿ ಕೊಳ್ಳುವವರಲ್ಲಿ ಹತ್ತಕ್ಕೆ ನಾಲ್ವರು ಬಿಡುತ್ತಾರೆ. ಪಾಲು ನಿಲ್ಲಬೇಕಾದರೆ ಎರಡೂ ಸಮ ಇರಬೇಕು: `0.4c = 0.1(1 - c)`. ಇಲ್ಲಿ c = 0.20. ಬಿ ಕೂಡ ಹಾಗೆಯೇ: `0.3b = 0.1(1 - b)`, b = 0.25. ಉಳಿದದ್ದು a = 0.55.

ಎ ಸಮೀಕರಣವನ್ನು ಬಳಸಲೇ ಇಲ್ಲ ಅಲ್ವಾ, ಅದರಿಂದಲೇ ತಾಳೆ ನೋಡಿ. ಎ ಬಿಡುವವರು 0.2 × 0.55 = 0.11. ಎ ಕಡೆಗೆ ಬರುವವರು 0.2 × 0.25 + 0.3 × 0.20 = 0.05 + 0.06 = 0.11. ಹೋದವರೂ ಬಂದವರೂ ಸಮ. ಪರೀಕ್ಷೆಯಲ್ಲಿ ಈ ಒಂದು ಸಾಲಿನ ತಾಳೆಯನ್ನು ಬರೆಯದೆ ಬಿಡಬೇಡಿ. 1/3 ಹಾಕಿ ನೋಡಿದ್ದರೆ ಬಿಡುವವರು 0.067, ಬರುವವರು 0.167 ಬಂದು, ತಪ್ಪು ಅಲ್ಲೇ ಸಿಕ್ಕಿಬಿಡುತ್ತಿತ್ತು.

ಬಿ.ಎಸ್ಸಿ ವಿದ್ಯಾರ್ಥಿ:
ಅಕ್ಕಾ, ಸಮೀಕರಣ ಬಿಡಿಸುವುದೇ ಬೇಡ. ಎಕ್ಸೆಲ್‌ನಲ್ಲಿ `MMULT` ಹಾಕಿ ಮ್ಯಾಟ್ರಿಕ್ಸನ್ನು ಅದರಿಂದಲೇ ಗುಣಿಸುತ್ತಾ ಹೋಗಿ. ಕೊನೆಗೆ ಎಲ್ಲ ಅಡ್ಡಸಾಲುಗಳೂ ಒಂದೇ ಆಗುತ್ತವೆ, ಅದೇ ಉತ್ತರ. ಯಾವ ಮ್ಯಾಟ್ರಿಕ್ಸ್ ಆದರೂ ಆಗುತ್ತದೆ. ಶುರುವಿನ ಪಾಲು ಯಾವತ್ತೂ ಲೆಕ್ಕಕ್ಕೆ ಬರುವುದಿಲ್ಲ, ಸುಮ್ನೆ ಗೊಂದಲ ಮಾಡೋಕೆ ಕೊಟ್ಟಿರುತ್ತಾರೆ.

ವಿಶ್ಲೇಷಕರು:
ಈ ಮ್ಯಾಟ್ರಿಕ್ಸ್‌ಗೆ ನೀವು ಹೇಳಿದ್ದು ಸರಿ. ಇಲ್ಲಿ ಸೊನ್ನೆ ಎಲ್ಲೂ ಇಲ್ಲ, ಯಾವ ಬ್ರ್ಯಾಂಡಿನಿಂದ ಯಾವುದಕ್ಕೆ ಬೇಕಾದರೂ ಹೋಗಬಹುದು. ಆದರೆ "ಯಾವ ಮ್ಯಾಟ್ರಿಕ್ಸ್ ಆದರೂ" ಅನ್ನುವುದು ನಿಲ್ಲುವುದಿಲ್ಲ. ಎ ಕೊಂಡವರೆಲ್ಲ ಮುಂದಿನ ಸಲ ಬಿ, ಬಿ ಕೊಂಡವರೆಲ್ಲ ಮುಂದಿನ ಸಲ ಎ ಅಂತಿಟ್ಟುಕೊಳ್ಳಿ. ಎಷ್ಟು ಸಲ ಗುಣಿಸಿದರೂ ಅಡ್ಡಸಾಲುಗಳು ಅದಲುಬದಲು ಆಗುತ್ತಲೇ ಇರುತ್ತವೆ. ಸಮೀಕರಣ ಬಿಡಿಸಿದರೆ ಮಾತ್ರ 0.5, 0.5 ಸಿಗುತ್ತದೆ. ಇನ್ನೊಂದು, ಎರಡು ಬ್ರ್ಯಾಂಡ್‌ಗಳ ಗ್ರಾಹಕರು ಯಾವತ್ತೂ ಬಿಟ್ಟು ಹೋಗುವುದೇ ಇಲ್ಲ, ಎರಡಕ್ಕೂ 1 ಇದೆ ಅಂದುಕೊಳ್ಳಿ. ಆಗ ಕೊನೆಯ ಪಾಲು ಶುರುವಿನ ಪಾಲಿನ ಮೇಲೇ ನಿಂತಿರುತ್ತದೆ.

ನಿಮ್ಮ ಲೆಕ್ಕದಲ್ಲಿ 40, 30, 30 ಬೇಕಾಗುವುದು, ಅಲ್ಲಿಗೆ ತಲುಪಲು ಎಷ್ಟು ತಿಂಗಳು ಹಿಡಿಯುತ್ತದೆ ಅಂತ ನೋಡಲು. ಎ ಪಾಲು 40ರಿಂದ 47, ಆಮೇಲೆ 50.7, ಆಮೇಲೆ 52.7. ಸಿ 30ರಿಂದ 25, 22.5, 21.25. ಸಿ ಪಾಲು 20ರಿಂದ ಎಷ್ಟು ದೂರ ಇದೆಯೋ ಅದು ಪ್ರತಿ ತಿಂಗಳು ಅರ್ಧವಾಗುತ್ತಿದೆ, ಗಮನಿಸಿ. ಬಿ ಅಂತರ ಪ್ರತಿ ತಿಂಗಳು 0.6 ಪಟ್ಟು ಆಗುತ್ತದೆ. ಮ್ಯಾಟ್ರಿಕ್ಸ್‌ನ ಐಗನ್ ಬೆಲೆಗಳು 1, 0.6, 0.5. ಅವೇ ಇಲ್ಲಿ ಕಾಣುತ್ತಿರುವುದು.

ಕಿರಾಣಿ ವಿತರಕರು, ದಾವಣಗೆರೆ:
ಸರ್, ನಾನು ಚಹಾ ಪುಡಿ ಡಿಸ್ಟ್ರಿಬ್ಯೂಟರ್. ಹಾಗಾದರೆ ನಾನು ಗೋಡೌನಿಗೆ ಎ ಬ್ರ್ಯಾಂಡ್ 55% ಸ್ಟಾಕ್ ತರಿಸಬೇಕಾ?

ವಿಶ್ಲೇಷಕರು:
ಇಲ್ಲ ಸಾರ್. ಈ 55% ಮನೆಗಳ ಲೆಕ್ಕ, ಕಿಲೋ ಲೆಕ್ಕ ಅಲ್ಲ. 100 ಗ್ರಾಂ ಪ್ಯಾಕೆಟ್ ಒಯ್ಯುವ ಮನೆಯೂ ಒಂದು, ಒಂದು ಕೆ.ಜಿ ಒಯ್ಯುವ ಮನೆಯೂ ಒಂದು. ನಿಮ್ಮಲ್ಲಿ ಹೋಟೆಲಿನವರು ಜಾಸ್ತಿ ಒಯ್ಯುತ್ತಿರುತ್ತಾರೆ, ಅವರು ಈ ಮ್ಯಾಟ್ರಿಕ್ಸ್‌ನಲ್ಲಿ ಇಲ್ಲವೇ ಇಲ್ಲ. ಮೇಲಾಗಿ ಇದು ಪುಸ್ತಕದ ಅಂಕಿ, ನಿಮ್ಮ ಊರಿನದಲ್ಲ. ಸ್ಟಾಕಿಗೆ ನಿಮ್ಮ ಬಿಲ್ ಪುಸ್ತಕವನ್ನೇ ನಂಬಿ.

ಕಾಲೇಜು ಅಧ್ಯಾಪಕಿ, ಮೈಸೂರು:
ನನಗೆ ಈ ಲೆಕ್ಕದ ಮೇಲೇ ಅನುಮಾನ ಇದೆ. ಹತ್ತು ವರ್ಷದಿಂದ ಎ ಕೊಳ್ಳುವವರಿಗೂ, ಹೋದ ತಿಂಗಳು ಆಫರ್ ನೋಡಿ ಎ ತಂದವರಿಗೂ ಒಂದೇ 0.8 ಹಾಕುತ್ತೇವಲ್ಲ? ಪಾಠ ಮಾಡುವಾಗ ಇದನ್ನು ಯಾರೂ ಹೇಳುವುದಿಲ್ಲ.

ವಿಶ್ಲೇಷಕರು:
ನಿಜ ಮೇಡಂ. ನಿಜವಾದ ಸಮೀಕ್ಷೆ ಅಂಕಿಗಳ ಜೊತೆ ಕೆಲಸ ಮಾಡುವಾಗ ಈ ಮಾದರಿ ಸೋಲುವುದು ಸಾಮಾನ್ಯವಾಗಿ ಇಲ್ಲೇ. ಪರೀಕ್ಷಿಸಲು ಒಂದು ದಾರಿ ಇದೆ. ಮ್ಯಾಟ್ರಿಕ್ಸನ್ನು ಒಮ್ಮೆ ಅದರಿಂದಲೇ ಗುಣಿಸಿ. ಎ ಇಂದ ಎರಡು ತಿಂಗಳ ನಂತರ ಎ ಕಡೆಗೇ ಇರುವವರು 0.64 + 0.02 + 0.03 = 0.69 ಆಗಬೇಕು. ಈಗ ಅದೇ ಮನೆಗಳ ಜನವರಿ, ಮಾರ್ಚ್ ಖರೀದಿ ತೆಗೆದು ನೋಡಿ. 69% ಆಸುಪಾಸು ಬಂದರೆ ಸರಿ. 75% ಬಂದರೆ, ಒಳಗೆ ಅಲುಗಾಡದ ಒಂದು ಗುಂಪು ಇದೆ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಕೆಲಸ ಬದಲಿಸುವ ಕಾರ್ಮಿಕರ ಅಂಕಿಗಳಲ್ಲಿ ಬ್ಲೂಮೆನ್, ಕೋಗನ್, ಮೆಕಾರ್ಥಿ 1955ರಲ್ಲಿ ಕಂಡಿದ್ದು ಇದನ್ನೇ. ಅವರು ಕದಲುವವರು, ಕದಲದವರು ಅಂತ ಎರಡು ಗುಂಪು ಮಾಡಿ ಲೆಕ್ಕ ಹಾಕಿದರು.

ಅಧ್ಯಾಪಕಿ:
ಆದರೆ ಫೆಬ್ರವರಿಯಲ್ಲಿ ಎ ಕಂಪನಿ ಬೆಲೆ ಇಳಿಸಿದ್ದರೂ 75% ಬರಬಹುದಲ್ಲವಾ? ಆಗ ಮ್ಯಾಟ್ರಿಕ್ಸೇ ತಿಂಗಳಿಂದ ತಿಂಗಳಿಗೆ ಬದಲಾಗಿರುತ್ತದೆ.

ವಿಶ್ಲೇಷಕರು:
ಬರಬಹುದು. ಜನವರಿ–ಫೆಬ್ರವರಿ, ಫೆಬ್ರವರಿ–ಮಾರ್ಚ್ ಮ್ಯಾಟ್ರಿಕ್ಸ್‌ಗಳನ್ನು ಬೇರೆ ಬೇರೆ ಮಾಡಿ, ಎರಡನ್ನೂ ಗುಣಿಸಿ ನೋಡಿದರೆ ಬೆಲೆ ಇಳಿಕೆಯ ಪ್ರಭಾವ ಸ್ವಲ್ಪ ಮಟ್ಟಿಗೆ ಬೇರೆಯಾಗುತ್ತದೆ. ಆದರೆ ಮನೆಗಳ ಸಂಖ್ಯೆ ಕಡಿಮೆ ಇದ್ದರೆ ಎರಡರಲ್ಲಿ ಯಾವುದು ಕಾರಣ ಅಂತ ನನಗೂ ಖಚಿತವಾಗಿ ಹೇಳಲು ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ಕಂಬಸಾಲು ಹಿಡಿದು ಮಾಡಿದೆ ಸರ್, 0.55, 0.25, 0.20 ಬಂತು. ಮುಂದಿನ ಲೆಕ್ಕದಲ್ಲಿ ಸಿ ಅಡ್ಡಸಾಲು 0, 0, 1 ಅಂತಿದೆ. ಉತ್ತರ ಸಿ ಒಂದಕ್ಕೇ 1, ಉಳಿದವಕ್ಕೆ ಸೊನ್ನೆ ಬರುತ್ತಿದೆ. ಇದು ಸರಿನಾ?

ವಿಶ್ಲೇಷಕರು:
ಎ, ಬಿ ಇಂದ ಸಿ ಕಡೆಗೆ ದಾರಿ ಇದ್ದರೆ ಸರಿ. ಸಿ ಸೇರಿದವರು ವಾಪಸ್ ಬರುವುದಿಲ್ಲ, ಹಾಗಾಗಿ ನಿಧಾನಕ್ಕೆ ಎಲ್ಲರೂ ಅಲ್ಲಿಗೇ ಸೇರುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ, ಸೇರಲು ಸರಾಸರಿ ಎಷ್ಟು ತಿಂಗಳು ಬೇಕು ಅಂತ. ಎ, ಬಿ ಸಾಲುಗಳನ್ನೂ ಹಾಕಿ, ನೋಡೋಣ.