ಬೀಗ ತೆಗೆದಿದ್ದ ಫೋನ್ ಕೈತಪ್ಪಿದರೆ ಮೊದಲು ಏನು ಮುಚ್ಚಬೇಕು?

ಶೋಭಾ: ಸಂಜೆ 7.10ಕ್ಕೆ ಮ್ಯಾಪ್ ನೋಡ್ತಾ ಆಟೋದಲ್ಲಿ ಕೂತಿದ್ದೆ. ಬೈಕಲ್ಲಿ ಬಂದೋರು ಫೋನ್ ಕಿತ್ಕೊಂಡು ಹೋದ್ರು. ಸ್ಕ್ರೀನ್ ತೆರೆದೇ ಇತ್ತು, ಆಂಡ್ರಾಯ್ಡ್. 7.25ಕ್ಕೆ ಪಕ್ಕದವರ ಫೋನಿಂದ ಸಿಮ್ ಬ್ಲಾಕ್ ಮಾಡಿಸಿದೆ. ನಮ್ಮೆಜಮಾನ್ರ ಫೋನಲ್ಲಿ ಜಿಮೇಲ್ ತೆರೆಯೋಕೆ ಹೋದ್ರೆ 'ನಿಮ್ಮ ಫೋನಲ್ಲಿ ಹೌದು ಒತ್ತಿ' ಅನ್ನುತ್ತೆ. ಆ ಫೋನೇ ಇಲ್ವಲ್ಲ! ಬ್ಯಾಂಕಿಗೆ ಇನ್ನೂ ಹೇಳಿಲ್ಲ. ಈಗ ಏನ್ಮಾಡ್ಲಿ ಸರ್?

ಸೈಬರ್ ಸರ್: ಮೊದಲು ಬ್ಯಾಂಕ್. ಇದನ್ನ ಓದಿ ಮುಗಿಸೋದೂ ಬೇಡ, ಕಾರ್ಡಿನ ಹಿಂದಿರೋ ನಂಬರಿಗೆ ಈಗಲೇ ಫೋನ್ ಮಾಡಿ. ಹುಡುಕಿ ಸಿಗೋ 'ಕಸ್ಟಮರ್ ಕೇರ್' ನಂಬರ್ ಬೇಡ, ಅದರಲ್ಲಿ ಎರಡನೇ ಕಳ್ಳ ಕೂತಿರ್ತಾನೆ. ಕಾರ್ಡ್, ಮೊಬೈಲ್ ಬ್ಯಾಂಕಿಂಗ್, ಯುಪಿಐ ಮೂರನ್ನೂ ನಿಲ್ಲಿಸಿ ಅಂತ ಹೇಳಿ, ದೂರಿನ ಸಂಖ್ಯೆ, ಸಮಯ ಬರ್ಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನೀವು ತಿಳಿಸಿದ ಮೇಲೆ ಹೋದ ಹಣಕ್ಕೆ ಬ್ಯಾಂಕೇ ಹೊಣೆ. ಆ ಸಮಯವೇ ನಿಮ್ಮ ಸಾಕ್ಷಿ. ಹಣ ಆಗಲೇ ಹೋಗಿದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ಮೇಷ್ಟ್ರು: ಎಲ್ಲದಕ್ಕೂ ಮೊದಲು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಗುರುತು ಸಂಖ್ಯೆ ಐಎಂಇಐ ಬ್ಲಾಕ್ ಮಾಡಿಸಬೇಕು. ಅದಾದರೆ ಫೋನ್ ಕಲ್ಲಿಗೆ ಸಮ.

ಸೈಬರ್ ಸರ್: ಮೇಷ್ಟ್ರೇ, ಅದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕು. ನಿಂತುಹೋಗೋದು ಮೊಬೈಲ್ ನೆಟ್‌ವರ್ಕ್ ಮಾತ್ರ. ವೈಫೈಗೆ ಹಾಕಿದರೆ ತೆರೆದ ಜಿಮೇಲ್ ತೆರೆದೇ ಇರುತ್ತೆ. ಅದು ಕೊನೆ ಕೆಲಸ.

ಗಿರಿ, ಶಿವಮೊಗ್ಗ: ##002# ಒತ್ತಿದ್ರೆ ಹ್ಯಾಕ್ ಎಲ್ಲ ಹೋಗುತ್ತೆ, ನಮ್ಮ ಗ್ರೂಪಲ್ಲಿ ಬಂದಿತ್ತು.

ಸೈಬರ್ ಸರ್: ಅದು ಕಾಲ್ ಫಾರ್ವರ್ಡ್ ರದ್ದು ಮಾಡೋ ಕೋಡ್. ಕಳೆದುಹೋದ ಫೋನಲ್ಲಿ ಯಾರು ಒತ್ತುತ್ತಾರೆ?

ಶೋಭಾ: ಬ್ಯಾಂಕ್ ಆಯ್ತು, 9.20ಕ್ಕೆ. ಸರ್, ಮನೆ ಲ್ಯಾಪ್‌ಟಾಪಲ್ಲಿ ಜಿಮೇಲ್ ತೆರೆದೇ ಇತ್ತು! ಟ್ರಾಶಲ್ಲಿ 7.18ಕ್ಕೆ ಬಂದ ಮೇಲ್ ಇದೆ, ಒಂದು ಶಾಪಿಂಗ್ ಖಾತೆಯ ಪಾಸ್‌ವರ್ಡ್ ಬದಲಿಸೋ ಲಿಂಕ್. ನಾನು ಕೇಳಿಲ್ಲ. ಗ್ಯಾಲರಿಯಲ್ಲಿ ಡೆಬಿಟ್ ಕಾರ್ಡಿನ ಎರಡೂ ಕಡೆ ಫೋಟೋ ಇದೆ.

ಸೈಬರ್ ಸರ್: ಹಾಗಾದರೆ ಇವನು ಬರೀ ಫೋನ್ ಮಾರೋನಲ್ಲ. ಎಂಟು ನಿಮಿಷದಲ್ಲಿ ಮೇಲ್ ತೆರೆದು ಲಿಂಕ್ ತರಿಸಿದ್ದಾನೆ, ಆಮೇಲೆ ಅಳಿಸಿದ್ದಾನೆ. ಆಗ ಸಿಮ್ ಇನ್ನೂ ಜೀವಂತ. ಕಾರ್ಡಿನ ಕೊನೆ ಆರು ಅಂಕಿ, ಅವಧಿ, ಒಟಿಪಿ ಇದ್ದರೆ ಕೆಲವು ಬ್ಯಾಂಕುಗಳಲ್ಲಿ ಹೊಸ ಯುಪಿಐ ಪಿನ್ ಹಾಕಬಹುದು. ಫೋಟೋ ಕೊಟ್ಟಿದ್ದೀರಿ, ಒಟಿಪಿ ಆ ಸಿಮ್ಮಿಗೇ ಬರ್ತಿತ್ತು. 7.25ಕ್ಕೆ ನೀವು ಕತ್ತರಿಸಿದ್ದು ಆ ದಾರಿಯನ್ನ. 7.10ರಿಂದ ಇಲ್ಲಿಯವರೆಗಿನ ವಹಿವಾಟು ಬ್ಯಾಂಕಿನವರ ಹತ್ತಿರ ಓದಿಸಿಕೊಳ್ಳಿ.

ಈಗ ಲ್ಯಾಪ್‌ಟಾಪಲ್ಲಿ android.com/find ತೆರೆದು ಫೋನಿಗೆ ಬೀಗ ಹಾಕಿ. ಸಿಮ್ ಸತ್ತಿರೋದ್ರಿಂದ ಈಗಲೇ ತಲುಪಲಿಕ್ಕಿಲ್ಲ, ವೈಫೈಗೆ ಬಂದ ತಕ್ಷಣ ಬೀಳುತ್ತೆ. ಆಮೇಲೆ ಗೂಗಲ್ ಪಾಸ್‌ವರ್ಡ್ ಬದಲಿಸಿ. ಅಷ್ಟಕ್ಕೇ ಸಾಲದು: ಖಾತೆ ಮರುಪಡೆಯೋ ಫೋನ್, ಈಮೇಲ್ ಅವನದ್ದಾಗಿದೆಯಾ, ಜಿಮೇಲ್ ಸೆಟ್ಟಿಂಗ್ಸ್‌ನ ಫಾರ್ವರ್ಡಿಂಗ್‌ನಲ್ಲಿ, ಫಿಲ್ಟರ್‌ನಲ್ಲಿ ಏನಾದ್ರೂ ಸೇರಿದೆಯಾ ನೋಡಿ. ಆಮೇಲೆ ಆ ಶಾಪಿಂಗ್ ಖಾತೆ, ಅದರಲ್ಲಿ ಉಳಿಸಿದ ಕಾರ್ಡ್ ತೆಗೆಯಿರಿ. ಫೋನನ್ನ ಸಾಧನಗಳ ಪಟ್ಟಿಯಿಂದ ಈಗಲೇ ತೆಗೀಬೇಡಿ, ಬೀಗ ಹಾಕೋ ಹಿಡಿತವೂ ಹೋಗುತ್ತೆ.

ಮೇಷ್ಟ್ರು: ಹಾಗಾದರೆ ಸಿಮ್ ಮೊದಲು ಬ್ಲಾಕ್ ಮಾಡಿದ್ದೇ ತಪ್ಪಲ್ಲವೇ? ಬೀಗ ಬೀಳಲೇ ಇಲ್ಲ.

ಸೈಬರ್ ಸರ್: ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಒಬ್ಬರು ಬೀಗ, ಒಬ್ಬರು ಸಿಮ್. ಒಬ್ಬರೇ ಇದ್ದರೆ ಬೀಗಕ್ಕೆ ಎರಡು ಮೂರು ನಿಮಿಷ, ಆಗಲಿಲ್ಲ ಅಂದರೆ ಸಿಮ್. ಶೋಭಾ ಅವರಿಗೆ ಆಗ ಬೀಗದ ದಾರಿಯೇ ಇರಲಿಲ್ಲ, 'ಹೌದು ಒತ್ತಿ' ಕೇಳ್ತಿತ್ತು.

ಕಾವ್ಯ: ನನ್ನದು ಐಫೋನ್. ಹೋದ ವರ್ಷ ಕಳೆದ್ಮೇಲೆ 'ನಿಮ್ಮ ಫೋನ್ ಸಿಕ್ಕಿದೆ' ಅಂತ ಲಿಂಕ್ ಬಂತು, ಪಾಸ್‌ವರ್ಡ್ ಹಾಕ್ಬಿಟ್ಟೆ. ಈಗ ಏನಾಗುತ್ತೆ?

ಗಿರಿ, ಶಿವಮೊಗ್ಗ: ಅಯ್ಯೋ, ಅದನ್ನೂ ಹಾಕ್ತಾರಾ ಯಾರಾದ್ರೂ!

ಕಾವ್ಯ: ##002# ಹಾಕೋರಿಗಿಂತ ಪರವಾಗಿಲ್ಲ ಬಿಡಿ.

ಮೇಷ್ಟ್ರು: ಇಬ್ಬರೂ ಸ್ವಲ್ಪ ಸುಮ್ಮನಿರಿ. ಇ-ಸಿಮ್ ಆದ್ರೆ ಏನು ವ್ಯತ್ಯಾಸ ಸರ್?

ರಘು: ನಾಳೆ ಬೆಳಗ್ಗೆ ಡೂಪ್ಲಿಕೇಟ್ ಸಿಮ್ ತಗೊಂಡ್ರೆ ಒಟಿಪಿ ಬರುತ್ತಲ್ವಾ? ಎಲ್ಲ ಆಗ ಮಾಡಿದ್ರಾಯ್ತು.

ಸೈಬರ್ ಸರ್: ಆಗಲ್ಲ. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರೋದಿಲ್ಲ, ಹೋಗೋದೂ ಇಲ್ಲ. ಸಿಮ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ.

ರಘು: ಹಾಗಾದ್ರೆ ಡೂಪ್ಲಿಕೇಟ್ ಸಿಮ್ ಯಾವಾಗ ತಗೋಬೇಕು?

ಸೈಬರ್ ಸರ್: ನಾಳೆ ಬೆಳಗ್ಗೆಯೇ. 24 ಗಂಟೆ ಅಂದೆನಲ್ಲ, ಎಣಿಕೆ ಆಗಿಂದ ಶುರು.

ಶೋಭಾ: ಸರ್, ಮರುಪಡೆಯೋ ಈಮೇಲ್ ಜಾಗದಲ್ಲಿ ನನಗೆ ಗೊತ್ತಿಲ್ಲದ ವಿಳಾಸ ಇದೆ.

ಸೈಬರ್ ಸರ್: ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಅಳಿಸಿ. ಅದನ್ನ ದೂರಿನ ಜೊತೆ ಠಾಣೆಗೆ ಕೊಡಿ. 'ಕಳೆದಿದೆ' ಅಂತಲ್ಲ, 'ಕಿತ್ಕೊಂಡರು' ಅಂತ ಬರೆಸಿ. ಇಲ್ಲಿ ಹಾಕಬೇಡಿ.

ಗಿರಿ, ಶಿವಮೊಗ್ಗ: ಹಾಕಿ ಮೇಡಂ, ನಾವೂ ನೋಡ್ತೀವಿ.